ಬೋರ್ಡೋ ಕೈಪಿಡಿ: ಮುದ್ರಣಕ್ಕೆ ಒಪ್ಪಿಗೆ ಕೊಡುತ್ತಿಲ್ಲ, ತಿದ್ದುಪಡಿಗಳು ಇಲ್ಲಿವೆ

ಗೆ: ಪ್ರಕಟಣಾ ವಿಭಾಗದ ಮ್ಯಾನೇಜರ್
ಇಂದ: ಕಾಪಿ ಡೆಸ್ಕ್
ದಿನಾಂಕ: ಮೇ 5, ಸೋಮವಾರ
ವಿಷಯ: ‘ಅಡಿಕೆ ಕೊಳೆರೋಗ ಮತ್ತು ಬೋರ್ಡೋ ದ್ರಾವಣ’, 16 ಪುಟ, 5,000 ಪ್ರತಿ, ಎರಡನೇ ಪ್ರೂಫ್

ನಮಸ್ಕಾರ ಸರ್,

ಪ್ರೂಫ್ ಪೂರ್ತಿ ಓದಿದ್ದೇನೆ. ಈಗಿರುವ ರೂಪದಲ್ಲಿ ಇದಕ್ಕೆ ಸಹಿ ಹಾಕಲು ಆಗುವುದಿಲ್ಲ. ಭಾಷೆಯ ತಪ್ಪುಗಳಷ್ಟೇ ಆಗಿದ್ದರೆ ನಾನೇ ತಿದ್ದಿ ಇವತ್ತೇ ಪ್ರೆಸ್‌ಗೆ ಬಿಡುತ್ತಿದ್ದೆ. ಇಲ್ಲಿ ದ್ರಾವಣದ ಅಳತೆ, ಬೆರೆಸುವ ಕ್ರಮ, ಪರೀಕ್ಷೆ, ಸಿಂಪಡಣೆಯ ಸಮಯ, ನಾಲ್ಕೂ ಕಡೆ ತಪ್ಪಿದೆ. ಸದಸ್ಯರು ಈ ಪುಸ್ತಕವನ್ನು ಡ್ರಮ್ಮಿನ ಪಕ್ಕದಲ್ಲಿಟ್ಟುಕೊಂಡೇ ಔಷಧಿ ಕಲಸುತ್ತಾರೆ. ಅಚ್ಚಾದ ಮೇಲೆ ತಿದ್ದೋಲೆ ಅಂಟಿಸಿದರೆ ಯಾರೂ ನೋಡುವುದಿಲ್ಲ.

ಮೊದಲು ಪುಟ 6. ‘ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು’ ಎಂದಿದೆ. ಇದು ಶೇ 10ರ ಅಳತೆ, ಅಂದರೆ ಬೋರ್ಡೋ ಮುಲಾಮಿನದು. ಪುಟ 13ರಲ್ಲಿ ತೆಂಗಿನ ಸುಳಿಕೊಳೆಗೆ ಹಚ್ಚುವ ಮುಲಾಮಿಗೂ ಇದೇ ಅಂಕಿ ಇದೆ, ಅಲ್ಲಿ ಅದು ಸರಿಯಾಗಿಯೇ ಇದೆ. ಅಲ್ಲಿಂದ ನಕಲಾಗಿ ಬಂದಿರಬೇಕು. ಹತ್ತು ಪಟ್ಟು ಗಟ್ಟಿಯಾದದ್ದನ್ನು ಅಡಿಕೆ ಕೊನೆಗೆ ಹೊಡೆದರೆ ನಾಝಲ್ ಕಟ್ಟಿಕೊಳ್ಳುತ್ತದೆ, ಮೈಲುತುತ್ತದ ದುಡ್ಡೂ ಹಾಳು. ಪುಟ 11ರ ಕೋಷ್ಟಕ ಇನ್ನೊಂದು ತುದಿಗೆ ಹೋಗಿದೆ: 200 ಲೀಟರ್ ಡ್ರಮ್ಮಿಗೆ ತಲಾ 1 ಕೆಜಿ ಎಂದು ಹಾಕಿದ್ದಾರೆ, ಅದು ಅರ್ಧ ಶಕ್ತಿಯದು. ಹಾಗೆ ಹೊಡೆದವರಿಗೆ ಔಷಧಿ ಬಿಟ್ಟ ಸಮಾಧಾನ ಇರುತ್ತದೆ, ಆಷಾಢದಲ್ಲಿ ಕಾಯಿ ಮಾತ್ರ ಉದುರುತ್ತಲೇ ಇರುತ್ತದೆ. ಹೆಚ್ಚಿನವರ ಮನೆಯಲ್ಲಿ 200 ಲೀಟರಿನ ಡ್ರಮ್ಮೇ ಇರುವುದರಿಂದ ಎಲ್ಲಕ್ಕಿಂತ ಮೊದಲು ಸರಿಯಾಗಬೇಕಾದದ್ದು ಈ ಸಾಲು.

ಪುಟ 6ಕ್ಕೆ ನಾನು ಸೂಚಿಸುವ ಪಠ್ಯ ಹೀಗಿದೆ. ಹೀಗೆಯೇ ಬಳಸಬಹುದು:

‘ಶೇ 1ರ 100 ಲೀಟರ್ ದ್ರಾವಣಕ್ಕೆ: ಮೈಲುತುತ್ತ 1 ಕೆಜಿ, ಸುಟ್ಟ ಸುಣ್ಣ 1 ಕೆಜಿ, ನೀರು 100 ಲೀಟರ್. ಮೈಲುತುತ್ತವನ್ನು ಪುಡಿ ಮಾಡಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಹಾಕಿ ಪೂರ್ತಿ ಕರಗಿಸಿ. ಇನ್ನೊಂದು ಡ್ರಮ್ಮಿನಲ್ಲಿ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ. ಅರಳುವಾಗ ಕುದಿಯುವಷ್ಟು ಬಿಸಿಯಾಗುತ್ತದೆ, ಮುಖ ಹತ್ತಿರ ಒಯ್ಯಬೇಡಿ. ತಣಿದ ಮೇಲೆ ಉಳಿದ ನೀರು ಸೇರಿಸಿ 50 ಲೀಟರ್ ಮಾಡಿ, ಬಟ್ಟೆಯಲ್ಲಿ ಸೋಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ, ಕೋಲಿನಿಂದ ಬಿಡದೆ ಕದಡಿ. ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿಯಬೇಡಿ.’

ಕೊನೆಯ ವಾಕ್ಯ ಬೇಕೇ ಬೇಕು. ಪ್ರೂಫಿನಲ್ಲಿ ಕ್ರಮ ಉಲ್ಟಾ ಆಗಿದೆ, ಸುಣ್ಣವನ್ನೇ ಮೈಲುತುತ್ತಕ್ಕೆ ಸುರಿಯಲು ಹೇಳಿದೆ. ಹಾಗೆ ಮಾಡಿದರೆ ಕಣ ದಪ್ಪವಾಗುತ್ತದೆ, ಬೇಗ ತಳಕ್ಕೆ ಕೂರುತ್ತದೆ, ಕಾಯಿಯ ಮೇಲೆ ಸರಿಯಾಗಿ ಅಂಟುವುದಿಲ್ಲ. ಬಿಸಿ ಸುಣ್ಣದ ನೀರಿನಲ್ಲಿ ಬೆರೆಸಿದರೂ ಇದೇ ತೊಂದರೆ. ಮಳೆಯಲ್ಲಿ ನಿಲ್ಲಬೇಕಾದ ಔಷಧಿಗೆ ಅಂಟುವ ಗುಣವೇ ಮುಖ್ಯ.

ಸುಣ್ಣದ ಬಗ್ಗೆ ಒಂದು ಸಾಲು ಸೇರಿಸಬೇಕು. ಗಾಳಿಗೆ ಬಿಟ್ಟು ತಾನಾಗಿ ಪುಡಿಯಾದ ಹಳೆಯ ಸುಣ್ಣ ಉಪಯೋಗಕ್ಕಿಲ್ಲ. ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಅರಳಿದ ಸುಣ್ಣದ ಪುಡಿಯಾದರೆ 1 ಕೆಜಿ ಸಾಲದು, ಅದರೊಳಗೆ ನೀರಿನ ತೂಕವೂ ಸೇರಿರುವುದರಿಂದ ಸುಮಾರು 1.3 ಕೆಜಿ ಬೇಕು. ಈಗೀಗ ಪ್ಯಾಕೆಟ್ ಸುಣ್ಣ ಬಳಸುವವರೇ ಜಾಸ್ತಿ. ಇದನ್ನು ಹೇಳದೆ ಬಿಟ್ಟರೆ ಅಳತೆ ಸರಿ ಇದ್ದೂ ದ್ರಾವಣ ಕೆಡುತ್ತದೆ.

ಪುಟ 8ರ ತಪ್ಪು ಇನ್ನೂ ಅಪಾಯದ್ದು. ‘ಕತ್ತಿಯ ಮೇಲೆ ಕೆಂಪು ಬಣ್ಣ ಕಂಡರೆ ದ್ರಾವಣ ಸಿದ್ಧವಾಗಿದೆ’ ಎಂದು ಅಚ್ಚಾಗಿದೆ. ಇರಬೇಕಾದದ್ದು ಇದಕ್ಕೆ ತದ್ವಿರುದ್ಧ. ಕೆಂಪು ಬಂತೆಂದರೆ ಸುಣ್ಣ ಸಾಲದೆ ತಾಮ್ರ ಬಿಡಿಯಾಗಿ ಉಳಿದಿದೆ ಎಂದರ್ಥ. ಅದನ್ನು ಹಾಗೇ ಹೊಡೆದರೆ ಎಳೆಯ ಕಾಯಿ, ಹಿಂಗಾರ ಸುಡುತ್ತದೆ. ಬದಲಿ ಪಠ್ಯ:

‘ಚೆನ್ನಾಗಿ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು-ಕಂದು ಲೇಪ ಕಂಡರೆ ಸಿಂಪಡಿಸಬೇಡಿ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಕದಡಿ, ಕತ್ತಿಯನ್ನು ಮತ್ತೆ ಉಜ್ಜಿ ಪರೀಕ್ಷಿಸಿ. ಲೇಪ ಬರದಿದ್ದರೆ ದ್ರಾವಣ ಸರಿಯಾಗಿದೆ.’

‘ಸ್ಟೀಲ್ ಚಾಕು’ ಎಂಬುದನ್ನು ‘ಕಬ್ಬಿಣದ ಕತ್ತಿ’ ಎಂದು ಬದಲಿಸಿದ್ದೇನೆ. ಅಡುಗೆಮನೆಯ ತುಕ್ಕು ಹಿಡಿಯದ ಚಾಕುವನ್ನು ನಂಬುವಂತಿಲ್ಲ, ತಾಮ್ರ ಇದ್ದರೂ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ.

ಇದರ ಜೊತೆಗೇ ಪುಟ 7ರ ಫೋಟೊ. ಪಠ್ಯದಲ್ಲಿ ‘ಕಬ್ಬಿಣದ ಪಾತ್ರೆ ಬೇಡ’ ಎಂದು ಬರೆದು, ಪಕ್ಕದಲ್ಲೇ ತಗಡಿನ ಬಕೆಟ್ಟಿನಲ್ಲಿ ನೀಲಿ ನೀರು ಕದಡುವ ಚಿತ್ರ ಹಾಕಿದ್ದಾರೆ. ಓದುವವರು ಮೊದಲು ನೋಡುವುದು ಚಿತ್ರ. ಕತ್ತಿಯ ಮೇಲೆ ತಾಮ್ರ ಕೂರುವ ಹಾಗೆಯೇ ತಗಡಿನ ಮೇಲೂ ಕೂರುತ್ತದೆ, ದ್ರಾವಣದಲ್ಲಿ ತಾಮ್ರ ಕಡಿಮೆಯಾಗುತ್ತದೆ, ಬಕೆಟ್ಟೂ ತೂತಾಗುತ್ತದೆ. ನಮ್ಮ ಗೋದಾಮಿನ ನೀಲಿ ಪ್ಲಾಸ್ಟಿಕ್ ಡ್ರಮ್ ಇಟ್ಟುಕೊಂಡು ಮೊಬೈಲಿನಲ್ಲೇ ಬೇರೆ ಚಿತ್ರ ತೆಗೆಯಬಹುದು, ಅರ್ಧ ಗಂಟೆಯ ಕೆಲಸ. ಅದಾಗದಿದ್ದರೆ ಚಿತ್ರ ಕಿತ್ತುಹಾಕಿ ಜಾಗ ಖಾಲಿ ಬಿಡೋಣ.

ಸಮಯದ ವಿಚಾರದಲ್ಲಿ ಪುಸ್ತಕ ತನ್ನನ್ನೇ ತಾನು ಅಲ್ಲಗಳೆಯುತ್ತದೆ. ಪುಟ 4ರಲ್ಲಿ ‘ರೋಗ ಕಂಡ ಕೂಡಲೇ ಸಿಂಪಡಿಸಿ’, ಪುಟ 12ರ ವೇಳಾಪಟ್ಟಿಯಲ್ಲಿ ‘ಮಳೆಗೆ ಮುಂಚೆ’. ಎರಡನೇ ಸಿಂಪಡಣೆಗೆ ಒಂದು ಕಡೆ 40-45 ದಿನ, ಇನ್ನೊಂದು ಕಡೆ ಮೂರು ತಿಂಗಳು. ಬೋರ್ಡೋ ರೋಗ ಬರದಂತೆ ತಡೆಯುವ ಔಷಧಿ, ಕೊಳೆತ ಕಾಯಿಯನ್ನು ವಾಸಿ ಮಾಡುವುದಿಲ್ಲ. ಎರಡೂ ಪುಟಗಳಲ್ಲಿ ಒಂದೇ ವಾಕ್ಯ ಇರಲಿ: ‘ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದೊಳಗೆ, ಎರಡನೆಯದು 40-45 ದಿನ ಬಿಟ್ಟು, ಮಳೆ ಹೊಳವಾದ ದಿನ, ಮಳೆ ಎಳೆದರೆ ಮೂರನೆಯದು.’ ಉದುರಿದ ಕೊಳೆತ ಕಾಯಿಯನ್ನು ಆರಿಸಿ ತೋಟದ ಹೊರಗೆ ನಾಶ ಮಾಡುವ ಮಾತು ಪುಟ 14ರ ಮೂಲೆಯಲ್ಲಿ ಸಣ್ಣಕ್ಷರದಲ್ಲಿದೆ. ಅದನ್ನೂ ಪುಟ 4ಕ್ಕೆ ತರಬೇಕು. ಕೊಟ್ಟೆ ಕಟ್ಟುವ ಭಾಗ ಚೆನ್ನಾಗಿದೆ, ಮುಟ್ಟಿಲ್ಲ.

ಹಾಗೆಯೇ ಮುಖಪುಟದ ‘ಕೊಳೆರೋಗಕ್ಕೆ ರಾಮಬಾಣ’ ಹೋಗಬೇಕು. ‘ಕೊಳೆರೋಗ ತಡೆಗೆ ಬೋರ್ಡೋ: ತಯಾರಿ ಮತ್ತು ಸಿಂಪಡಣೆ’ ಸಾಕು. ಲೇಖಕರಿಗೆ ಬೇಸರವಾಗಬಹುದು, ಆದರೆ ನಾಳೆ ಯಾರಾದರೂ ಈ ಮುಖಪುಟ ಹಿಡಿದುಕೊಂಡು ಕೌಂಟರಿಗೆ ಬಂದರೆ ಉತ್ತರ ಹೇಳಬೇಕಾದವರು ನಾವು.

ಸುರಕ್ಷತೆಯ ಒಂದು ಮಾತೂ ಪುಸ್ತಕದಲ್ಲಿಲ್ಲ. ಪುಟ 5ರಲ್ಲಿ ತೋಟದ ದೊಡ್ಡ ಚಿತ್ರವಿದೆ. ಅದನ್ನು ಅರ್ಧ ಮಾಡಿದರೆ ತಯಾರಿಯ ಪುಟಕ್ಕಿಂತ ಮುಂಚೆಯೇ ಒಂದು ಚೌಕ ಕೂರುತ್ತದೆ: ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮೈತುಂಬ ಬಟ್ಟೆ, ಮೈಲುತುತ್ತ ಅಥವಾ ಸುಣ್ಣ ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಹತ್ತಿರ ಹೋಗುವುದು, ಗಾಳಿಗೆ ಎದುರಾಗಿ ಹೊಡೆಯದಿರುವುದು, ಉಳಿದ ದ್ರಾವಣವನ್ನು, ಡ್ರಮ್ ತೊಳೆದ ನೀರನ್ನು ಬಾವಿ, ಕೆರೆ, ಹಳ್ಳಕ್ಕೆ ಬಿಡದಿರುವುದು, ತಾಮ್ರದಿಂದ ಮೀನು ಸಾಯುತ್ತವೆ. ಕೊನೆಗಾರರು ಮರದ ಮೇಲೆ ಕೂತು ಹೊಡೆಯುವಾಗ ದ್ರಾವಣ ಅವರ ಮೈಮೇಲೇ ಬೀಳುತ್ತದೆ, ಹಾಗಾಗಿ ಅವರನ್ನು ಹೆಸರಿಸಿಯೇ ಬರೆಯಬೇಕು.

ಪುಟ 3ರ ಇತಿಹಾಸದಲ್ಲಿ ಇಬ್ಬರು ಒಬ್ಬರಾಗಿದ್ದಾರೆ. ‘1885ರಲ್ಲಿ ಕೋಲ್ಮನ್ ಬೋರ್ಡೋ ಕಂಡುಹಿಡಿದರು’ ಎನ್ನುವುದು ತಪ್ಪು. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದ್ರಾಕ್ಷಿಯ ರೋಗಕ್ಕೆಂದು ಈ ದ್ರಾವಣವನ್ನು ರೂಪಿಸಿ 1885ರಲ್ಲಿ ಪ್ರಕಟಿಸಿದವರು ಮಿಯಾರ್ದೆ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದದ್ದು 1908ರಲ್ಲಿ, ಅಡಿಕೆ ಕೊಳೆರೋಗದ ಬಗ್ಗೆ ಅವರ ವರದಿ ಪ್ರಕಟವಾದದ್ದು 1910ರಲ್ಲಿ. ಎರಡು ವಾಕ್ಯದಲ್ಲಿ ಮುಗಿಸಿ ಉಳಿದದ್ದನ್ನು ಕತ್ತರಿಸಿದ್ದೇನೆ. ಆ ಜಾಗ ಪ್ಯಾಕೆಟ್ ಸುಣ್ಣದ ಸಾಲಿಗೆ ಬೇಕು.

ಭಾಷೆಯ ಕೆಲಸ ನನಗೆ ಬಿಡಿ. ‘ದ್ರಾವಣವು ತಯಾರಿಸಲ್ಪಟ್ಟ ದಿನದಂದೇ ಉಪಯೋಗಿಸಲ್ಪಡತಕ್ಕದ್ದು’ ಎಂಬಂಥ ವಾಕ್ಯಗಳನ್ನೆಲ್ಲ ‘ಕಲಸಿದ ದ್ರಾವಣವನ್ನು ಅದೇ ದಿನ ಹೊಡೆದು ಮುಗಿಸಿ’ ಎಂಬ ಧಾಟಿಗೆ ತರುತ್ತಿದ್ದೇನೆ. ಒಂದೇ ಪುಟದಲ್ಲಿ ೧೦೦, 100 ಎರಡೂ ಇವೆ. ಎಲ್ಲವೂ 100 ಆಗುತ್ತವೆ. ‘ಕಾಪರ್ ಸಲ್ಫೇಟ್’ ಚೀಲದ ಮೇಲೆ ಬರೆದಿರುವುದರಿಂದ ಮೊದಲ ಸಲ ಎರಡೂ ಹೆಸರು, ಆಮೇಲೆ ಬರೀ ಮೈಲುತುತ್ತ.

ಡಿಟಿಪಿಯವರಿಗೆ ಒಂದು ಎಚ್ಚರಿಕೆ ಮಾತ್ರ ನಿಮ್ಮಿಂದಲೇ ಹೋಗಲಿ. ಹಳೆಯ ನುಡಿ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಜಾರಿದೆ: ವರ್ಷ ‘ವಷರ್’ ಆಗಿದೆ, ಮಾರ್ಗ ‘ಮಾಗರ್’ ಆಗಿದೆ. ಇದನ್ನು ಒಂದೇ ಏಟಿಗೆ ‘ರಿಪ್ಲೇಸ್ ಆಲ್’ ಕೊಟ್ಟು ಸರಿಮಾಡಲು ಹೋದರೆ ಸರಿಯಿರುವ ‘ಲೀಟರ್’ ಎಲ್ಲ ‘ಲೀರ್ಟ’ ಆಗುತ್ತದೆ. ಒಂದೊಂದಾಗಿ ನೋಡಿಯೇ ತಿದ್ದಬೇಕು. ಅಂಕಿಗಳ ಕೋಷ್ಟಕವನ್ನು ಹೊಸದಾಗಿ ಟೈಪ್ ಮಾಡಿಸುವುದು ಒಳ್ಳೆಯದು. ಅದರಲ್ಲಿ ಇರಬೇಕಾದದ್ದು ಮೂರೇ ಸಾಲು: 10 ಲೀಟರಿಗೆ ತಲಾ 100 ಗ್ರಾಂ, 100 ಲೀಟರಿಗೆ ತಲಾ 1 ಕೆಜಿ, 200 ಲೀಟರಿಗೆ ತಲಾ 2 ಕೆಜಿ.

ದಿನಗಳ ಲೆಕ್ಕ ನೋಡಿದರೆ ಇನ್ನೂ ಕೈ ಮೀರಿಲ್ಲ. ಗುರುತು ಹಾಕಿದ ಪ್ರೂಫ್ ಈ ಚೀಟಿಯ ಜೊತೆಗಿದೆ. ಕೆಂಪು ಶಾಯಿಯದು ಲೇಖಕರು ಒಪ್ಪಲೇಬೇಕಾದದ್ದು, ಪೆನ್ಸಿಲ್ಲಿನದು ನನ್ನ ಹೊಣೆ. ಲೇಖಕರ ಒಪ್ಪಿಗೆ ಬುಧವಾರ ಸಂಜೆಯೊಳಗೆ ಬಂದರೆ ಗುರುವಾರ ಮೂರನೇ ಪ್ರೂಫ್ ತೆಗೆಸಬಹುದು. ಪುಟ 6, 8, 11ನ್ನು ಸಸ್ಯರೋಗ ತಜ್ಞರೊಬ್ಬರಿಂದ ಓದಿಸಿ ಅವರ ಸಹಿ ಪಡೆದ ಮೇಲೆ ನನ್ನದು. ಶನಿವಾರ ಪ್ಲೇಟ್ ಆದರೆ 20ರ ಹೊತ್ತಿಗೆ ಶಾಖೆಗಳಿಗೆ ತಲುಪುತ್ತದೆ, ಮೊದಲ ಸಿಂಪಡಣೆಗೆ ಅಷ್ಟು ಸಮಯ ಸಾಕು.

ಲೇಖಕರು ಊರಿನಲ್ಲಿಲ್ಲ, ಉತ್ತರ ತಡವಾಗುತ್ತದೆ ಎಂದಾದರೆ ಪುಸ್ತಕವನ್ನು ಪೂರ್ತಿ ನಿಲ್ಲಿಸುವುದು ಬೇಡ. ಮೇಲಿನ ಎರಡು ಬದಲಿ ಪಠ್ಯ, ವೇಳಾಪಟ್ಟಿಯ ವಾಕ್ಯ, ಸುರಕ್ಷತೆಯ ಚೌಕ ಮತ್ತು ಮೂರು ಸಾಲಿನ ಕೋಷ್ಟಕ, ಇಷ್ಟನ್ನೇ ಎ4 ಹಾಳೆಯ ಎರಡು ಬದಿಗೆ ಕೂರಿಸಿ, ತಜ್ಞರ ಸಹಿಯೊಂದಿಗೆ ಕರಪತ್ರವಾಗಿ ಮೊದಲು ಹಂಚೋಣ. ಕೈಪಿಡಿ ಎರಡನೇ ಸಿಂಪಡಣೆಯ ಹೊತ್ತಿಗೆ ಬರಲಿ. ಯಾವುದಾಗಬೇಕೆಂದು ನಾಳೆ ಹನ್ನೊಂದರೊಳಗೆ ಹೇಳಿದರೆ ಡಿಟಿಪಿಯವರನ್ನು ಆ ಕೆಲಸಕ್ಕೆ ಕೂರಿಸುತ್ತೇನೆ.

ವಂದನೆಗಳೊಂದಿಗೆ,
ಸುಮಾ
ಕಾಪಿ ಡೆಸ್ಕ್