ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಓದುತ್ತಿರುವ ಪುಟ್ಟಿಗೆ ದೊಡ್ಡಪ್ಪನ ಕಾಗದ

ಹಾಸನ
ಜುಲೈ 14

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಇಲ್ಲಿ ಮಳೆ ಬಿಟ್ಟಿಲ್ಲ, ಹಾಗಾಗಿ ಮನೆಯಲ್ಲೇ ಕೂತು ಉತ್ತರ ಬರೆಯುತ್ತಿದ್ದೇನೆ.

ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಮೊದಲ ಪತ್ರಿಕೆಯ ಸಿದ್ಧಾಂತ ಪೂರ್ತಿ ಮುಗಿಸಿ, ಆಮೇಲೆ ಎರಡನೆಯದರ ಭಾರತದ ಆಡಳಿತಕ್ಕೆ ಕೈ ಹಾಕುತ್ತೇನೆ ಅಂದಿದ್ದೀಯ. ಬೇಡ. ಎರಡಕ್ಕೂ ತಲಾ 250 ಅಂಕ, ಎರಡನ್ನೂ ಜೊತೆಗೇ ಓದು. ಕಚೇರಿ ನಡೆಯುವುದು ನಿಯಮ, ದರ್ಜೆಗಳ ಮೇಲೆ ಅಂದ ವೇಬರ್‌ನನ್ನು ಓದಿದ ದಿನವೇ ನಮ್ಮ ನಾಡಕಚೇರಿಗೆ ಹೋಗಿ ಒಂದು ಗಂಟೆ ಬೆಂಚಿನ ಮೇಲೆ ಕೂತು ಬಾ. ಯಾರ ಮೇಜಿನಿಂದ ಯಾರ ಮೇಜಿಗೆ ಕಡತ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ನೋಡು.

ನನ್ನದೇ ಕಥೆ ಕೇಳು. ತಹಶೀಲ್ದಾರನಾಗಿದ್ದಾಗ ಒಬ್ಬ ಅಜ್ಜಿಯ ವಿಧವಾ ವೇತನದ ಅರ್ಜಿಯನ್ನು ಮೂರು ಸಲ ವಾಪಸ್ ಕಳಿಸಿದ್ದೆ. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ನಿಂಗೇಗೌಡ, ಮರಣ ಪತ್ರದಲ್ಲಿ ಲಿಂಗೇಗೌಡ. ನಮ್ಮ ಕಡೆ ಎರಡೂ ಒಂದೇ ಅಂತ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ನಿಯಮ ನಿಯಮವೇ ಅಂದೆ. ನಿಯಮ ಪಾಲಿಸುವುದೇ ಗುರಿಯಾಗಿ, ನಿಯಮ ಯಾತಕ್ಕೆ ಇತ್ತೋ ಅದು ಮರೆತುಹೋಗುತ್ತದೆ ಅಂತ ಸಮಾಜಶಾಸ್ತ್ರಜ್ಞ ಮರ್ಟನ್ 1940ರಲ್ಲೇ ಬರೆದಿದ್ದ. ನಾನು ಅವನನ್ನು ಓದಿದ್ದು ನಿವೃತ್ತಿಯಾದ ಮೇಲೆ!

ಹಾಗಂತ ಅಜ್ಜಿಯ ಕಥೆಯನ್ನು ಉತ್ತರದಲ್ಲಿ ಬರೆಯಬೇಡ. 10 ಅಂಕಕ್ಕೆ ಸಿಗುವುದು 150 ಪದದ ಜಾಗ. ಮೊದಲು ಮರ್ಟನ್ ಏನಂದ, ಅದು ವೇಬರ್‌ನ ಮಾತಿಗೆ ಎಲ್ಲಿ ತಗಲುತ್ತದೆ, ಆಮೇಲೆ ಉದಾಹರಣೆ ಒಂದೇ ಸಾಲು. ಆ ಸಾಲಿಗೆ ನಮ್ಮ ರಾಜ್ಯದಲ್ಲೇ ಬೇಕಾದಷ್ಟಿದೆ. ಸೇವೆಗೆ ದಿನದ ಗಡುವು ಹಾಕಿದ 2011ರ ಸಕಾಲ ಕಾಯ್ದೆ ಇದೆ, ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ಇದೆ. ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗದ 15 ವರದಿಗಳನ್ನೂ ಅಕ್ಷರ ಬಿಡದೆ ಓದಬೇಕಿಲ್ಲ. ಶಿಫಾರಸುಗಳನ್ನು ನೋಡು. ನಾಗರಿಕ ಕೇಂದ್ರಿತ ಆಡಳಿತದ 12ನೇ ವರದಿಯನ್ನು ಮಾತ್ರ ಪೂರ್ತಿ ಓದು.

ನೀನು ಕಳಿಸಿದ ಉತ್ತರ ನೋಡಿದೆ. ಆಡಳಿತದಲ್ಲಿ ನಿರ್ಧಾರ ಹೇಗೆ ಆಗುತ್ತದೆ ಅಂತ ಬರೆದ ಸೈಮನ್ ಬಗ್ಗೆ ಕೇಳಿದರೆ ಭ್ರಷ್ಟಾಚಾರದ ಮೇಲೆ ಭಾಷಣ ಬರೆದಿದ್ದೀಯ. ಸಿಟ್ಟು ಸರಿ, ಆದರೆ ಅದಕ್ಕೆ ಅಂಕ ಇಲ್ಲ ಅಲ್ವಾ? ಇನ್ನೊಂದು, ಕನ್ನಡದಲ್ಲೇ ಬರೆಯುವುದಾದರೆ ಒಂದು ಪರಿಕಲ್ಪನೆಗೆ ಒಂದೇ ಪದ ಇಟ್ಟುಕೋ. ಪುಟಕ್ಕೊಂದು ಅನುವಾದ ಮಾಡಿದರೆ ತಿದ್ದುವವರು ಗೊಂದಲಕ್ಕೆ ಬೀಳುತ್ತಾರೆ.

ಕೋಚಿಂಗ್ ನೋಟ್ಸ್ ಜಾಸ್ತಿ ಕೂಡಿಹಾಕಬೇಡ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಮೂರು ಗಂಟೆ ಗಡಿಯಾರ ನೋಡಿ ಐದು ಪ್ರಶ್ನೆ ಬರೆದು ಮುಗಿಸು. ಒಂದು ಮತ್ತು ಐದನೆಯದು ಕಡ್ಡಾಯ, ಅದನ್ನು ಮರೆತು ಕೂರಬೇಡ.

ಭಾನುವಾರ ಬರುವಾಗ ಸೈಮನ್ ಉತ್ತರವನ್ನು ಮತ್ತೆ ಬರೆದು ತಾ. ಕೆಂಪು ಪೆನ್ನು ನನ್ನ ಹತ್ತಿರ ಇದೆ. ದೊಡ್ಡಮ್ಮ ಅಕ್ಕಿರೊಟ್ಟಿ ಮಾಡ್ತಾಳಂತೆ.

ನಿನ್ನ
ದೊಡ್ಡಪ್ಪ