ಮೆಡಿಸಿನ್ ವಾರ್ಡ್‌ಗಳಲ್ಲಿ ಆಂಟಿಬಯೋಟಿಕ್ ಬಳಕೆ: ಡಿಡಿಡಿ ಮಾಪನ ಆಧರಿಸಿದ ಅಧ್ಯಯನದ ಪ್ರೋಟೋಕಾಲ್

ಫಾರ್ಮ್‌ ಡಿ 5ನೇ ವರ್ಷದ ಪ್ರಾಜೆಕ್ಟ್, ಮೂವರು ವಿದ್ಯಾರ್ಥಿಗಳ ತಂಡ
ಸ್ಥಳ: ದಕ್ಷಿಣ ಬೆಂಗಳೂರಿನ ಬೋಧನಾ ಆಸ್ಪತ್ರೆ, ಜನರಲ್ ಮೆಡಿಸಿನ್‌ನ ನಾಲ್ಕು ವಾರ್ಡ್‌ಗಳು, ಒಟ್ಟು 120 ಹಾಸಿಗೆ
ಅವಧಿ: 2025 ಜುಲೈ 1ರಿಂದ ಡಿಸೆಂಬರ್ 31ರವರೆಗೆ, 184 ದಿನ
ಆವೃತ್ತಿ 2: ಗೈಡ್ ಮತ್ತು ಮೆಡಿಸಿನ್ ವಿಭಾಗದ ಸಹ-ಗೈಡ್ ಸೂಚಿಸಿದ ತಿದ್ದುಪಡಿಗಳೊಂದಿಗೆ

ಈ ಅಧ್ಯಯನ ಏಕೆ

ಈ ವಾರ್ಡ್‌ಗಳಲ್ಲಿ ಆಂಟಿಬಯೋಟಿಕ್ ಎಷ್ಟು ಖರ್ಚಾಗುತ್ತಿದೆ ಎಂದು ಕೇಳಿದರೆ ಫಾರ್ಮಸಿ ರೂಪಾಯಿ ಲೆಕ್ಕ ಕೊಡುತ್ತದೆ, ಸ್ಟೋರ್ ವಯಲ್ ಲೆಕ್ಕ ಕೊಡುತ್ತದೆ. ಬ್ರಾಂಡ್ ಬದಲಾದರೆ ರೂಪಾಯಿ ಏರುಪೇರಾಗುತ್ತದೆ. ಒಂದು ಗ್ರಾಂ ವಯಲ್ ಬದಲು ಅರ್ಧ ಗ್ರಾಂ ವಯಲ್ ಬಂದರೆ ವಯಲ್ ಸಂಖ್ಯೆ ಎರಡರಷ್ಟಾಗುತ್ತದೆ. ಎರಡರಿಂದಲೂ ತಿಂಗಳಿಂದ ತಿಂಗಳಿಗೆ, ಔಷಧದಿಂದ ಔಷಧಕ್ಕೆ ಹೋಲಿಕೆ ಆಗದು. ಹಾಗಾಗಿ ಬಳಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಓಸ್ಲೋ ಕೇಂದ್ರದ ಎಟಿಸಿ/ಡಿಡಿಡಿ ಪದ್ಧತಿಯಲ್ಲಿ ಅಳೆಯುತ್ತೇವೆ.

ಡಿಡಿಡಿ ಎಂದರೆ ಒಂದು ಔಷಧವನ್ನು ಅದರ ಮುಖ್ಯ ಕಾಯಿಲೆಗೆ ವಯಸ್ಕರಲ್ಲಿ ಬಳಸುವಾಗ ದಿನಕ್ಕೆ ಬೇಕಾಗುವ ಸರಾಸರಿ ನಿರ್ವಹಣಾ ಡೋಸ್ ಎಂದು ಊಹಿಸಿಕೊಂಡ ಪ್ರಮಾಣ. ಅದು ಅಳತೆಗೋಲು ಮಾತ್ರ. ರೋಗಿಗೆ ಕೊಡಬೇಕಾದ ಡೋಸ್ ಅಲ್ಲ, ಡಾಕ್ಟರ್ ಬರೆದದ್ದು ಸರಿಯೋ ತಪ್ಪೋ ಎಂದು ಹೇಳುವ ಮಾನದಂಡವೂ ಅಲ್ಲ. ವರದಿಯಲ್ಲಿ ಎಲ್ಲಿಯೂ ‘ಡಿಡಿಡಿಗಿಂತ ಹೆಚ್ಚು ಕೊಟ್ಟಿದ್ದಾರೆ, ಆದ್ದರಿಂದ ಅತಿಬಳಕೆ’ ಎಂಬ ಧಾಟಿಯ ವಾಕ್ಯ ಬರುವುದಿಲ್ಲ.

ಉದ್ದೇಶಗಳು

ಮುಖ್ಯ ಉದ್ದೇಶ ಒಂದೇ: ಪ್ರತಿ ಆಂಟಿಬಯೋಟಿಕ್‌ನ ಬಳಕೆಯನ್ನು 100 ಬೆಡ್-ಡೇಗಳಿಗೆ ಎಷ್ಟು ಡಿಡಿಡಿ ಎಂದು ತಿಂಗಳುವಾರು ಲೆಕ್ಕ ಹಾಕುವುದು. ಜೊತೆಗೆ ಅವೇರ್ ವರ್ಗೀಕರಣದಂತೆ ಆಕ್ಸೆಸ್, ವಾಚ್, ರಿಸರ್ವ್ ಗುಂಪುಗಳ ಪಾಲನ್ನು ತೋರಿಸುತ್ತೇವೆ. ಆಯ್ದ ಕೇಸ್ ಶೀಟ್‌ಗಳಲ್ಲಿ ನಿಜವಾಗಿ ಬರೆದ ದಿನದ ಡೋಸ್ (ಪಿಡಿಡಿ) ಮತ್ತು ಚಿಕಿತ್ಸೆಯ ದಿನಗಳನ್ನು (ಡಿಒಟಿ) ಡಿಡಿಡಿ ಜೊತೆ ಇಟ್ಟು ನೋಡುತ್ತೇವೆ. 2024ರ ವಿಶ್ವಸಂಸ್ಥೆ ಸಾಮಾನ್ಯ ಸಭೆಯ ಘೋಷಣೆ 2030ರ ಹೊತ್ತಿಗೆ ಮಾನವ ಬಳಕೆಯ ಆಂಟಿಬಯೋಟಿಕ್‌ಗಳಲ್ಲಿ 70% ಆಕ್ಸೆಸ್ ಗುಂಪಿನದಾಗಿರಬೇಕು ಎನ್ನುತ್ತದೆ. ಅದು ಜಗತ್ತಿನ ಒಟ್ಟು ಬಳಕೆಗೆ ಇಟ್ಟ ಗುರಿ. ಅಡ್ಮಿಟ್ ಆದ ರೋಗಿಗಳ ವಾರ್ಡಿಗೆ ಅದನ್ನೇ ಪಾಸು-ಫೇಲಿನ ಗೆರೆ ಮಾಡುವುದಿಲ್ಲ.

ಯಾವುದು ಒಳಗೆ, ಯಾವುದು ಹೊರಗೆ

18 ವರ್ಷ ತುಂಬಿದವರು ಮಾತ್ರ. ಡಿಡಿಡಿ ವಯಸ್ಕರ ಡೋಸ್ ಮೇಲೆ ನಿಂತಿದೆ; ಮಕ್ಕಳ ಡೋಸ್ ತೂಕದ ಮೇಲೆ ಹೋಗುತ್ತದೆ. ಹಾಸಿಗೆ ಸಿಗದೆ 16-17ರ ಹುಡುಗರು ಈ ವಾರ್ಡಿಗೆ ಬಂದಿದ್ದರೆ ಅವರ ಔಷಧವನ್ನೂ ಬೆಡ್-ಡೇಯನ್ನೂ ಒಟ್ಟಿಗೇ ತೆಗೆಯಬೇಕು. ಔಷಧ ತೆಗೆದು ಬೆಡ್-ಡೇ ಉಳಿಸಿದರೆ ಬಳಕೆ ಕಡಿಮೆ ಕಾಣುತ್ತದೆ.

J01 ಗುಂಪಿನ ಎಲ್ಲ ಔಷಧಗಳು ಒಳಗೆ. ಬಾಯಿ ಮೂಲಕ ಕೊಡುವ ಮೆಟ್ರೊನಿಡಜೋಲ್ (P01AB01) ಮತ್ತು ವ್ಯಾಂಕೋಮೈಸಿನ್ (A07AA09) J01ರಲ್ಲಿ ಇಲ್ಲ, ಆದರೂ ಸೇರಿಸಿಕೊಂಡು ಪ್ರತ್ಯೇಕ ಸಾಲಿನಲ್ಲಿ ತೋರಿಸುತ್ತೇವೆ. ಟಿಬಿ ಔಷಧ, ಫಂಗಸ್ ಔಷಧ, ಆಂಟಿವೈರಲ್, ಮುಲಾಮು, ಕಣ್ಣಿನ ಹನಿ ಹೊರಗೆ. ರಿಫಾಕ್ಸಿಮಿನ್ ಕೂಡ ಹೊರಗೆ. ಇಲ್ಲಿ ಅದು ಹೆಚ್ಚಾಗಿ ಲಿವರ್ ರೋಗಿಗಳ ಎನ್ಸೆಫಲೋಪತಿಗೆ ಹೋಗುತ್ತದೆ.

ರೋಗಿ ಐಸಿಯುಗೆ ಹೋದರೆ ಅಲ್ಲಿನ ಡೋಸ್ ಮತ್ತು ದಿನ ಎರಡೂ ಲೆಕ್ಕಕ್ಕಿಲ್ಲ. ವಾರ್ಡಿಗೆ ಮರಳಿದ ದಿನದಿಂದ ಮತ್ತೆ ಶುರು.

ಅಂಶ: ಔಷಧದ ಲೆಕ್ಕ

ಮೂಲ ದಾಖಲೆ ಐಪಿ ಫಾರ್ಮಸಿಯ ಕಂಪ್ಯೂಟರ್‌ನಲ್ಲಿರುವ ರೋಗಿವಾರು ಇಂಡೆಂಟ್. ಪ್ರತಿ ಸೋಮವಾರ ಹಿಂದಿನ ವಾರದ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡು, ರಿಟರ್ನ್ ಆದ ಪ್ರಮಾಣ ಕಳೆಯಬೇಕು. ಡಿಸ್ಚಾರ್ಜ್ ದಿನ ಹಿಂದಿರುಗಿಸಿದ ವಯಲ್‌ಗಳು ಎರಡು ದಿನ ತಡವಾಗಿ ಎಂಟ್ರಿ ಆಗುವುದು ಸಾಮಾನ್ಯ. ಆದ್ದರಿಂದ ತಿಂಗಳ ಲೆಕ್ಕವನ್ನು ಮುಂದಿನ ತಿಂಗಳ 7ನೇ ತಾರೀಕಿನ ನಂತರವೇ ಮುಚ್ಚುತ್ತೇವೆ.

ಕಂಪ್ಯೂಟರ್ ಪಟ್ಟಿಗೆ ಬಾರದ ಎರಡು ದಾರಿಗಳಿವೆ. ರಾತ್ರಿ ಪಾಳಿಯಲ್ಲಿ ಸಿಸ್ಟರ್ ವಾರ್ಡ್ ಸ್ಟಾಕ್‌ನಿಂದ ತೆಗೆದು ಕೊಟ್ಟ ಸ್ಟಾಟ್ ಡೋಸ್ ಒಂದು. ರೋಗಿಯ ಕಡೆಯವರು ಹೊರಗಿನ ಮೆಡಿಕಲ್ ಶಾಪ್‌ನಿಂದ ತಂದದ್ದು ಇನ್ನೊಂದು. ಮೊದಲನೆಯದಕ್ಕೆ ವಾರ್ಡ್ ಸ್ಟಾಕ್ ರಿಜಿಸ್ಟರ್ ನೋಡಬೇಕು. ಸ್ಟಾಕ್ ತುಂಬಿಸಲು ಮರುದಿನ ಅದೇ ರೋಗಿಯ ಹೆಸರಲ್ಲಿ ಇಂಡೆಂಟ್ ಹಾಕಿದ್ದರೆ ಎರಡು ಸಲ ಎಣಿಸಬಾರದು. ಎರಡನೆಯದು ಡ್ರಗ್ ಚಾರ್ಟ್‌ನಲ್ಲಿ ಮಾತ್ರ ಸಿಗುತ್ತದೆ. ಆಯ್ದ ಕೇಸ್ ಶೀಟ್‌ಗಳಲ್ಲಿ ಚಾರ್ಟ್‌ನ ಡೋಸ್ ಮತ್ತು ಇಂಡೆಂಟ್‌ನ ಡೋಸ್ ತಾಳೆ ಹಾಕಿ, ವ್ಯತ್ಯಾಸ ಎಷ್ಟು ಶೇಕಡಾ ಎಂದು ವರದಿಯಲ್ಲೇ ಹೇಳುತ್ತೇವೆ.

ಡಿಡಿಡಿ ಮೌಲ್ಯಗಳನ್ನು 2025ರ ಸೂಚಿಯಿಂದ ತೆಗೆದು, ಮೊದಲ ದಿನವೇ ಒಂದು ಶೀಟಿಗೆ ಹಾಕಿ ಲಾಕ್ ಮಾಡಲಾಗುವುದು. ಹೆಚ್ಚು ಬಳಕೆಯವು ಹೀಗಿವೆ:

| ಔಷಧ | ಎಟಿಸಿ | ಡಿಡಿಡಿ | ಗುಂಪು |
|---|---|---|---|
| ಸೆಫ್ಟ್ರಿಯಾಕ್ಸೋನ್, ಇಂಜೆಕ್ಷನ್ | J01DD04 | 2 ಗ್ರಾಂ | ವಾಚ್ |
| ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ | J01CR05 | 14 ಗ್ರಾಂ | ವಾಚ್ |
| ಮೆರೊಪೆನೆಮ್ | J01DH02 | 3 ಗ್ರಾಂ | ವಾಚ್ |
| ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಇಂಜೆಕ್ಷನ್ | J01CR02 | 3 ಗ್ರಾಂ | ಆಕ್ಸೆಸ್ |
| ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಮಾತ್ರೆ | J01CR02 | 1.5 ಗ್ರಾಂ | ಆಕ್ಸೆಸ್ |
| ಅಜಿತ್ರೋಮೈಸಿನ್, ಮಾತ್ರೆ | J01FA10 | 0.3 ಗ್ರಾಂ | ವಾಚ್ |
| ಡಾಕ್ಸಿಸೈಕ್ಲಿನ್ | J01AA02 | 0.1 ಗ್ರಾಂ | ಆಕ್ಸೆಸ್ |
| ಮೆಟ್ರೊನಿಡಜೋಲ್, ಡ್ರಿಪ್ | J01XD01 | 1.5 ಗ್ರಾಂ | ಆಕ್ಸೆಸ್ |
| ಮೆಟ್ರೊನಿಡಜೋಲ್, ಮಾತ್ರೆ | P01AB01 | 2 ಗ್ರಾಂ | ಆಕ್ಸೆಸ್ |
| ಲೈನ್‌ಜೋಲಿಡ್ | J01XX08 | 1.2 ಗ್ರಾಂ | ರಿಸರ್ವ್ |
| ಕೊಲಿಸ್ಟಿನ್, ಇಂಜೆಕ್ಷನ್ | J01XB01 | 90 ಲಕ್ಷ ಯೂನಿಟ್ | ರಿಸರ್ವ್ |

ಬೀಟಾ-ಲ್ಯಾಕ್ಟಮೇಸ್ ತಡೆಯುವ ಅಂಶ ಸೇರಿದ ಜೋಡಿ ಔಷಧಗಳಲ್ಲಿ ಡಿಡಿಡಿ ನಿಂತಿರುವುದು ಮುಖ್ಯ ಆಂಟಿಬಯೋಟಿಕ್ ಮೇಲೆ ಮಾತ್ರ. ಲೆಕ್ಕ ಅತಿ ಹೆಚ್ಚು ಕೆಡುವುದು ಇಲ್ಲೇ. ಲೇಬಲ್‌ನಲ್ಲಿ 4.5 ಗ್ರಾಂ ಎಂದಿರುವ ಪಿಪ್-ಟಾಜ್ ವಯಲ್‌ನಲ್ಲಿ ಪೈಪರಾಸಿಲಿನ್ 4 ಗ್ರಾಂ. ದಿನಕ್ಕೆ ನಾಲ್ಕು ವಯಲ್ ಎಂದರೆ 16/14, ಅಂದರೆ 1.14 ಡಿಡಿಡಿ. ಲೇಬಲ್ ನೋಡಿ 18/14 ಎಂದು ಹಾಕಿದರೆ 1.29 ಬರುತ್ತದೆ, ಪ್ರತಿ ವಯಲ್‌ಗೂ ಎಂಟರಲ್ಲೊಂದು ಪಾಲು ಸುಳ್ಳೇ ಸೇರಿದಂತೆ. 625 ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ 500 ಮಿ.ಗ್ರಾಂ, 1.2 ಗ್ರಾಂ ವಯಲ್‌ನಲ್ಲಿ 1 ಗ್ರಾಂ. ಮಾಸ್ಟರ್ ಶೀಟಿನಲ್ಲಿ ‘ಲೇಬಲ್ ಶಕ್ತಿ’, ‘ಲೆಕ್ಕದ ಶಕ್ತಿ’ ಎಂದು ಎರಡು ಕಾಲಂ ಇಡುವುದು ಕಡ್ಡಾಯ. ಕೊಲಿಸ್ಟಿನ್ ಅನ್ನು ಮಿಲಿಗ್ರಾಂಗೆ ತಿರುಗಿಸಲು ಹೋಗಬಾರದು, ಯೂನಿಟ್‌ನಲ್ಲೇ ಉಳಿಯಲಿ.

ಡಿಡಿಡಿ ನಿಗದಿಯಾಗದ ಜೋಡಿ ಮಾತ್ರೆಗಳು ಇಂಡೆಂಟ್‌ನಲ್ಲಿ ಬಂದರೆ ಅಂದಾಜಿನ ಡಿಡಿಡಿ ಮೌಲ್ಯ ಹಾಕುವುದಿಲ್ಲ. ಪಟ್ಟಿಯಲ್ಲಿ ಹೆಸರಿಸಿ, ಡಿಒಟಿಯಲ್ಲಿ ಮಾತ್ರ ಎಣಿಸುತ್ತೇವೆ.

ಛೇದ: ಬೆಡ್-ಡೇ

ಪ್ರತಿ ವಾರ್ಡಿನ ಮಧ್ಯರಾತ್ರಿ ಸೆನ್ಸಸ್ ಬುಕ್‌ನಿಂದ ಆ ರಾತ್ರಿ ಮಲಗಿದ್ದ ರೋಗಿಗಳ ಸಂಖ್ಯೆ. ಅಡ್ಮಿಶನ್ ದಿನ ಎಣಿಕೆಗೆ ಬರುತ್ತದೆ, ಡಿಸ್ಚಾರ್ಜ್ ದಿನ ಬರುವುದಿಲ್ಲ. ಬೆಳಿಗ್ಗೆ ಬಂದು ಸಂಜೆ ಹೋದವರ ಔಷಧ ಅಂಶಕ್ಕೂ ಸೇರದು. ಡೆಂಗಿ ಸಮಯದಲ್ಲಿ ಹಾಕುವ ಹೆಚ್ಚುವರಿ ಮಂಚ, ಟ್ರಾಲಿಗಳ ರೋಗಿಗಳನ್ನು ಸೆನ್ಸಸ್‌ನಲ್ಲಿ ಬರೆದಿದ್ದಾರೆಯೇ ಎಂದು ಜುಲೈ ಮೊದಲ ವಾರವೇ ಸಿಸ್ಟರ್ ಇನ್‌ಚಾರ್ಜ್ ಅವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಆ ರೋಗಿಗಳು ಎಣಿಕೆಯಲ್ಲಿ ಬಿಟ್ಟುಹೋದರೆ ಬಳಕೆ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಅದೂ ಮಳೆಗಾಲದಲ್ಲೇ.

ತಾಳೆ ನೋಡಲು ಎಂಆರ್‌ಡಿಯ ಆಕ್ಯುಪೆನ್ಸಿ ಅಂಕಿ ಬಳಸುತ್ತೇವೆ. 85% ಇದ್ದರೆ 120 × 184 × 0.85 = 18,768 ಬೆಡ್-ಡೇ ಆಗಬೇಕು. ಸೆನ್ಸಸ್ ಮೊತ್ತ ಎಂಆರ್‌ಡಿ ಅಂಕಿಯಿಂದ 5%ಕ್ಕಿಂತ ಹೆಚ್ಚು ದೂರವಿದ್ದರೆ ಕಾರಣ ಸಿಗುವವರೆಗೆ ಆ ತಿಂಗಳ ಲೆಕ್ಕ ಮುಚ್ಚುವುದಿಲ್ಲ.

ಲೆಕ್ಕ

ಎಕ್ಸೆಲ್‌ನಲ್ಲಿ C ಕೊಟ್ಟ ಸಂಖ್ಯೆ, D ರಿಟರ್ನ್, E ಲೆಕ್ಕದ ಶಕ್ತಿ (ಗ್ರಾಂ), F ಡಿಡಿಡಿ (ಗ್ರಾಂ), G ಬೆಡ್-ಡೇ; ಕೊಲಿಸ್ಟಿನ್‌ಗೆ E, F ಎರಡೂ ಯೂನಿಟ್‌ನಲ್ಲಿ:

```
=(C2-D2)*E2/F2/G2*100
```

ಮಾದರಿ ಲೆಕ್ಕ: ಒಂದು ತಿಂಗಳಲ್ಲಿ 1 ಗ್ರಾಂ ಸೆಫ್ಟ್ರಿಯಾಕ್ಸೋನ್ 1,200 ವಯಲ್ ಕೊಟ್ಟು 140 ಹಿಂದಿರುಗಿದರೆ 1,060 ಗ್ರಾಂ, 530 ಡಿಡಿಡಿ. ಬೆಡ್-ಡೇ 3,162 ಆಗಿದ್ದರೆ 100 ಬೆಡ್-ಡೇಗೆ 16.8. ಇದನ್ನು ‘16.8% ರೋಗಿಗಳಿಗೆ ಕೊಟ್ಟರು’ ಎಂದು ಓದುವಂತಿಲ್ಲ.

ಕೇಸ್ ಶೀಟ್ ಪರಿಶೀಲನೆ

ಡಿಡಿಡಿ ಭಾಗಕ್ಕೆ ಸ್ಯಾಂಪಲ್ ಇಲ್ಲ, ಪೂರ್ತಿ ಬಳಕೆಯನ್ನೇ ಎಣಿಸುತ್ತೇವೆ. ಪಿಡಿಡಿ ಮತ್ತು ಡಿಒಟಿಗೆ 50% ಅನುಪಾತ, 5% ಅಂತರ, 95% ವಿಶ್ವಾಸಮಟ್ಟದಲ್ಲಿ 385 ಶೀಟ್ ಬೇಕು. ಅಪೂರ್ಣ ದಾಖಲೆಗೆ 10% ಸೇರಿಸಿ 424. ಆರು ತಿಂಗಳಲ್ಲಿ ಸುಮಾರು 3,000 ಡಿಸ್ಚಾರ್ಜ್ ನಿರೀಕ್ಷೆ ಇರುವುದರಿಂದ, ಮೊದಲ ಏಳರಲ್ಲಿ ಚೀಟಿ ಎತ್ತಿ ಒಂದನ್ನು ಆರಿಸಿ, ಅಲ್ಲಿಂದ ಪ್ರತಿ ಏಳನೆಯದು.

ಈ ಭಾಗ ಇಲ್ಲದಿದ್ದರೆ ಡಿಡಿಡಿ ಅಂಕಿ ದಾರಿ ತಪ್ಪಿಸುತ್ತದೆ. ಇಲಿಜ್ವರ, ಸ್ಕ್ರಬ್ ಟೈಫಸ್ ಶಂಕೆಯಲ್ಲಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ಬಿಡಿ ಬರೆದರೆ ಒಂದು ದಿನಕ್ಕೇ 2 ಡಿಡಿಡಿ. ಅಜಿತ್ರೋಮೈಸಿನ್ 500 ಒಂದು ಮಾತ್ರೆ 1.67. ಅದೇ ಕಿಡ್ನಿ ಸೋತ ರೋಗಿಗೆ ಮೆರೊಪೆನೆಮ್ 500 ಬಿಡಿ ಕೊಟ್ಟರೆ 0.33 ಮಾತ್ರ. ಮೆಟ್ರೊನಿಡಜೋಲ್ ಡ್ರಿಪ್ 500 ಟಿಡಿಎಸ್ 1 ಡಿಡಿಡಿ. ಮಾತ್ರೆ 400 ಟಿಡಿಎಸ್‌ಗೆ ಬದಲಿಸಿದರೆ 0.6. ಇವೆಲ್ಲವೂ ಡಿಒಟಿಯಲ್ಲಿ ತಲಾ ಒಂದೊಂದು ದಿನ. ಆದ್ದರಿಂದ ಶೀಟಿನಿಂದ ಕ್ರಿಯಾಟಿನಿನ್ ಮತ್ತು ಡಯಾಲಿಸಿಸ್ ವಿವರ ತೆಗೆದುಕೊಳ್ಳಲೇಬೇಕು. ಪಿಡಿಡಿ/ಡಿಡಿಡಿ ಅನುಪಾತವನ್ನು ಕಿಡ್ನಿ ತೊಂದರೆ ಇದ್ದವರಿಗೆ, ಇಲ್ಲದವರಿಗೆ ಬೇರೆ ಬೇರೆ ಕೊಡುತ್ತೇವೆ. ಅನುಪಾತಕ್ಕೆ ಮೀಡಿಯನ್ ಮತ್ತು ಕ್ವಾರ್ಟೈಲ್ ಸಾಕು.

ಆರು ತಿಂಗಳ ಆರು ಬಿಂದುಗಳ ಮೇಲೆ ರಿಗ್ರೆಶನ್ ಓಡಿಸಿ ಪಿ-ವ್ಯಾಲ್ಯೂ ಹಾಕುವುದಿಲ್ಲ. ತಿಂಗಳುವಾರು ಗೆರೆ ಚಿತ್ರವೇ ಹೆಚ್ಚು ಪ್ರಾಮಾಣಿಕ. 2019ಕ್ಕಿಂತ ಹಿಂದಿನ ಅಧ್ಯಯನಗಳೊಂದಿಗೆ ಹೋಲಿಸುವಾಗ ಎಚ್ಚರ ಬೇಕು: ಆ ವರ್ಷ ಮೆರೊಪೆನೆಮ್ ಡಿಡಿಡಿ 2ರಿಂದ 3 ಗ್ರಾಂಗೆ, ಕೊಲಿಸ್ಟಿನ್ 30ರಿಂದ 90 ಲಕ್ಷ ಯೂನಿಟ್‌ಗೆ ಏರಿತು. ಹಳೆಯ ಅಂಕಿಯನ್ನು ಹೊಸ ಡಿಡಿಡಿಗೆ ತಿರುಗಿಸದೆ ಪಕ್ಕದಲ್ಲಿಟ್ಟರೆ, ಬಳಕೆ ಇಳಿದಿದೆ ಎಂಬ ಹುಸಿ ಸಮಾಧಾನ ಸಿಗುತ್ತದೆ.

ನೀತಿ, ಗುಣಮಟ್ಟ, ವೇಳೆ

ಐಸಿಎಂಆರ್ 2017ರ ಮಾರ್ಗಸೂಚಿಯಂತೆ ಸಮ್ಮತಿ ವಿನಾಯಿತಿ ಕೋರಿ ಆಸ್ಪತ್ರೆಯ ಎಥಿಕ್ಸ್ ಕಮಿಟಿಗೆ ಅರ್ಜಿ. ದಾಖಲೆ ಮಾತ್ರ ನೋಡುತ್ತೇವೆ, ಚಿಕಿತ್ಸೆಯಲ್ಲಿ ಕೈ ಹಾಕುವುದಿಲ್ಲ. ಅನುಮತಿ ಪತ್ರ ಕೈಗೆ ಬರುವ ಮೊದಲು ಒಂದು ಕೇಸ್ ಶೀಟನ್ನೂ ತೆರೆಯುವುದಿಲ್ಲ, ಪೈಲಟ್‌ಗೂ ಅಷ್ಟೇ. ಐಪಿ ನಂಬರ್ ಬದಲು ಕೋಡ್; ಕೋಡ್-ಕೀ ಗೈಡ್ ಬಳಿ. ಬರೆದ ಡಾಕ್ಟರ್‌ಗಳ ಹೆಸರು, ಯೂನಿಟ್ ಸಂಖ್ಯೆ ಸಂಗ್ರಹಿಸುವುದಿಲ್ಲ.

ಜೂನ್ ತಿಂಗಳ 20 ಶೀಟ್‌ಗಳ ಮೇಲೆ ಪೈಲಟ್. ಇಬ್ಬರು ಪ್ರತ್ಯೇಕವಾಗಿ ತುಂಬಿ, ವ್ಯತ್ಯಾಸ ಬಂದ ಕಾಲಂಗಳ ವ್ಯಾಖ್ಯಾನ ತಿದ್ದುವುದು. ಆಮೇಲೆ ಪ್ರತಿ ತಿಂಗಳು 10% ಎಂಟ್ರಿಯನ್ನು ಮೂರನೆಯವರು ಮರುಪರಿಶೀಲಿಸುತ್ತಾರೆ. ಡಿಸೆಂಬರ್ ಲೆಕ್ಕ ಜನವರಿ ಎರಡನೇ ವಾರ ಮುಚ್ಚಿ, ಫೆಬ್ರವರಿ ಕೊನೆಗೆ ಕರಡು ವರದಿ. 2026ರ ಜನವರಿಯಲ್ಲಿ ಹೊಸ ಡಿಡಿಡಿ ಸೂಚಿ ಬಂದರೂ ಲಾಕ್ ಮಾಡಿದ ಶೀಟ್ ಬದಲಾಗುವುದಿಲ್ಲ. ಯಾವ ಔಷಧದ ಡಿಡಿಡಿ ಮೌಲ್ಯ ಬದಲಾಗಿದೆಯೋ ಅದನ್ನು ವರದಿಯ ಅನುಬಂಧದಲ್ಲಿ ಹಳೆಯ, ಹೊಸ ಎರಡೂ ಮೌಲ್ಯದಲ್ಲಿ ಲೆಕ್ಕ ಮಾಡಿ ತೋರಿಸಲಾಗುವುದು.