ಸ್ವಾತಂತ್ರ್ಯ ಹೋರಾಟ: ಹತ್ತನೆಯ ತರಗತಿಯ ಪರೀಕ್ಷೆಗೆ ಅಧ್ಯಾಯದ ಸಾರ

ಕಾರಣಗಳು

ಇಲ್ಲಿನ ಕಚ್ಚಾವಸ್ತುವನ್ನು ಅಗ್ಗದ ಬೆಲೆಗೆ ಕೊಂಡು, ಇಂಗ್ಲೆಂಡಿನ ಗಿರಣಿಗಳಲ್ಲಿ ತಯಾರಾದ ಬಟ್ಟೆಯನ್ನು ಮತ್ತೆ ಇಲ್ಲಿಯೇ ಮಾರಿದ ಬ್ರಿಟಿಷ್ ನೀತಿಯಿಂದ ನೇಕಾರರು ಕಸುಬು ಕಳೆದುಕೊಂಡರು, ರೈತರು ಕಂದಾಯದ ಹೊರೆಯಿಂದ ಸಾಲಕ್ಕೆ ಬಿದ್ದರು. ಈ ಬಡತನವನ್ನು ದಾದಾಭಾಯಿ ನವರೋಜಿ ‘ಸಂಪತ್ತಿನ ಸೋರಿಕೆ’ ಸಿದ್ಧಾಂತದಿಂದ ವಿವರಿಸಿದರು. ಇಂಗ್ಲಿಷ್ ಶಿಕ್ಷಣ, ರೈಲು ಮತ್ತು ಪತ್ರಿಕೆಗಳು ದೂರದ ಪ್ರಾಂತ್ಯಗಳ ಜನರನ್ನು ಹತ್ತಿರ ತಂದವು. ಲಿಟ್ಟನ್ ತಂದ 1878ರ ದೇಶೀಯ ಭಾಷಾ ಪತ್ರಿಕಾ ಕಾಯಿದೆ ಅಸಮಾಧಾನವನ್ನು ಹೆಚ್ಚಿಸಿತು.

ಗಾಂಧೀಜಿಗಿಂತ ಮೊದಲಿನ ಹಂತ

1885ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಸ್ಥಾಪನೆಯಾಯಿತು. ನವರೋಜಿ, ಗೋಖಲೆ ಮೊದಲಾದ ಮಂದಗಾಮಿಗಳು ಮನವಿಯ ಮಾರ್ಗ ಹಿಡಿದರು. 1905ರಲ್ಲಿ ಕರ್ಜನ್ ಆಡಳಿತದ ಅನುಕೂಲದ ನೆಪದಲ್ಲಿ ಬಂಗಾಳವನ್ನು ವಿಭಜಿಸಿದಾಗ ಮನವಿಗಳ ಮಿತಿ ಎಲ್ಲರಿಗೂ ಕಂಡಿತು. ಸ್ವದೇಶಿ ಚಳುವಳಿ ಹಬ್ಬಿತು. ತಿಲಕ್, ಲಾಲಾ ಲಜಪತರಾಯ್, ಬಿಪಿನ್ ಚಂದ್ರಪಾಲ್ ಮುಂದಾಳುಗಳಾದರು. ಕಾಂಗ್ರೆಸ್ 1907ರಲ್ಲಿ ಸೂರತ್‌ನಲ್ಲಿ ಒಡೆಯಿತು, 1916ರಲ್ಲಿ ಲಕ್ನೋದಲ್ಲಿ ಒಂದಾಯಿತು. ಈ ಎರಡು ಊರುಗಳನ್ನು ಅದಲುಬದಲು ಬರೆದು ಅಂಕ ಕಳೆದುಕೊಳ್ಳುವವರು ಹೆಚ್ಚು, ಗಮನವಿರಲಿ.

ಗಾಂಧಿಯುಗ

ಪ್ರತಿ ಚಳುವಳಿಯ ಹಿಂದೆ ಅದಕ್ಕೆ ಮುಂಚಿನ ಒಂದು ಪೆಟ್ಟಿದೆ ಎಂದು ಹಿಡಿದು ಓದಿದರೆ ಇಸವಿಗಳು ತಾವಾಗಿ ನೆನಪಿನಲ್ಲಿ ನಿಲ್ಲುತ್ತವೆ. ವಿಚಾರಣೆಯಿಲ್ಲದೆ ಬಂಧಿಸಲು ಅವಕಾಶ ಕೊಟ್ಟ ರೌಲತ್ ಕಾಯಿದೆಯ ವಿರುದ್ಧ ದೇಶವೆದ್ದಿತು. 1919ರ ಏಪ್ರಿಲ್ 13ರಂದು, ಹೊರಹೋಗಲು ಇಕ್ಕಟ್ಟಾದ ದಾರಿಗಳಷ್ಟೇ ಇದ್ದ ಜಲಿಯನ್‌ವಾಲಾ ಬಾಗ್‌ನಲ್ಲಿ ಸೇರಿದ್ದ ನಿರಾಯುಧ ಜನರ ಮೇಲೆ ಜನರಲ್ ಡಯರ್ ಗುಂಡು ಹಾರಿಸಿದನು. ಈ ನೋವು ಮತ್ತು ಖಿಲಾಫತ್ ಪ್ರಶ್ನೆ ಸೇರಿ 1920ರ ಅಸಹಕಾರ ಚಳುವಳಿಯಾಯಿತು. ವಿದ್ಯಾರ್ಥಿಗಳು ಶಾಲೆಗಳನ್ನೂ ವಕೀಲರು ನ್ಯಾಯಾಲಯಗಳನ್ನೂ ತೊರೆದರು. 1922ರಲ್ಲಿ ಚೌರಿಚೌರದ ಪೊಲೀಸ್ ಠಾಣೆಗೆ ಗುಂಪು ಬೆಂಕಿಯಿಟ್ಟಿತು. ಗಾಂಧೀಜಿ ಚಳುವಳಿಯನ್ನು ಹಿಂತೆಗೆದುಕೊಂಡರು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಬೆಳಗಾವಿಯಲ್ಲಿ ನಡೆಯಿತು.

ಭಾರತೀಯರೊಬ್ಬರೂ ಇಲ್ಲದ ಸೈಮನ್ ಆಯೋಗದ ಬಹಿಷ್ಕಾರದ ನಂತರ, 1929ರ ಲಾಹೋರ್ ಅಧಿವೇಶನ ಪೂರ್ಣ ಸ್ವರಾಜ್ಯವನ್ನು ಗುರಿಯೆಂದು ಸಾರಿತು. ಬಡವನ ಗಂಜಿಗೂ ಬೇಕಾದ ಉಪ್ಪಿನ ಮೇಲೆ ತೆರಿಗೆಯಿದ್ದುದರಿಂದ ಗಾಂಧೀಜಿ ಉಪ್ಪನ್ನೇ ಆರಿಸಿಕೊಂಡರು: 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಏಪ್ರಿಲ್ 6ರ ಬೆಳಿಗ್ಗೆ ದಂಡಿಯ ಕಡಲತೀರದಲ್ಲಿ ಹಿಡಿ ಉಪ್ಪೆತ್ತಿ ಕಾನೂನುಭಂಗ ಚಳುವಳಿಗೆ ನಾಂದಿ ಹಾಡಿದರು. ಆ ನಡಿಗೆಯಲ್ಲಿ ಕರ್ನಾಟಕದ ಮೈಲಾರ ಮಹಾದೇವಪ್ಪ ಇದ್ದರು. ಅಂಕೋಲೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆಯಿತು.

ಕೊನೆಯ ಹಂತ

1942ರ ಆಗಸ್ಟ್ 8ರಂದು ಕ್ವಿಟ್ ಇಂಡಿಯಾ ನಿರ್ಣಯವಾಯಿತು. ನಾಯಕರು ಸೆರೆಮನೆ ಸೇರಿದಾಗ ಜನರೇ ಹೋರಾಟ ಮುಂದುವರಿಸಿದರು. ಶಿವಮೊಗ್ಗ ಜಿಲ್ಲೆಯ ಈಸೂರು ಇದಕ್ಕೆ ಉತ್ತಮ ಉದಾಹರಣೆ. ಸುಭಾಷರ ಆಜಾದ್ ಹಿಂದ್ ಸೇನೆ, 1946ರ ನೌಕಾದಳದ ದಂಗೆ, 1947ರ ಜೂನ್ 3ರ ಮೌಂಟ್‌ಬ್ಯಾಟನ್ ಯೋಜನೆ, ಆಗಸ್ಟ್ 15ರ ಸ್ವಾತಂತ್ರ್ಯ ಎಂಬ ಕ್ರಮದಲ್ಲಿ ಬರೆಯಿರಿ. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ.